ಹೋಗುವ ಮ್ಯಾನೇಜರ್ ಬಿಟ್ಟುಹೋಗಬೇಕಾದ ಟಿಪ್ಪಣಿ

ಕೆಲಸ ಬಿಟ್ಟು ಹೋಗುವ ಮ್ಯಾನೇಜರ್ ತನ್ನ ಜಾಗಕ್ಕೆ ಬರುವವರಿಗಾಗಿ ಬರೆದಿಡುವ ವಿವರಕ್ಕೆ ಖಾಸಗಿ ಕಂಪನಿಗಳಲ್ಲಿ ಹ್ಯಾಂಡೋವರ್ ನೋಟ್ ಎನ್ನುತ್ತಾರೆ. ಸರ್ಕಾರಿ ಕಚೇರಿಗಳಲ್ಲಿ ಇದಕ್ಕಿಂತ ಹಳೆಯದಾದ ಪ್ರಭಾರ ವರದಿಯ ಪದ್ಧತಿ ಇದೆ. ನಗದು, ಬೀಗದ ಕೈ, ದಾಸ್ತಾನು ಪುಸ್ತಕ ಇಷ್ಟಿಷ್ಟು ಎಂದು ಬರೆದು, ವಹಿಸಿಕೊಟ್ಟವರೂ ವಹಿಸಿಕೊಂಡವರೂ ಸಹಿ ಹಾಕುತ್ತಾರೆ. ಅದು ವಸ್ತುಗಳ ಲೆಕ್ಕ. ಮ್ಯಾನೇಜರ್ ಬರೆಯುವ ಟಿಪ್ಪಣಿಯಲ್ಲಿ ಮುಖ್ಯವಾಗಿ ಇರಬೇಕಾದದ್ದು ಮಾತುಗಳ ಲೆಕ್ಕ: ಕಂಪನಿಯ ಪರವಾಗಿ ಯಾರಿಗೆ ಏನು ಒಪ್ಪಿಕೊಂಡಿದೆ, ಯಾರಿಂದ ಏನು ಬರಬೇಕಿದೆ, ಯಾವ ತಾರೀಕಿನೊಳಗೆ ಏನು ಮಾಡದಿದ್ದರೆ ಹಕ್ಕು ಕೈತಪ್ಪುತ್ತದೆ.

ಬಹುತೇಕ ಹ್ಯಾಂಡೋವರ್ ನೋಟುಗಳು ಈ ಕೆಲಸ ಮಾಡುವುದಿಲ್ಲ. ವಿಭಾಗದ ಜವಾಬ್ದಾರಿಗಳು, ತಂಡದವರ ಹೆಸರು, ವಾರದ ಮೀಟಿಂಗ್‌ಗಳ ವೇಳೆ, ಫೋಲ್ಡರುಗಳ ಪಟ್ಟಿ, ಇಷ್ಟರಲ್ಲಿ ನಾಲ್ಕು ಪುಟ ತುಂಬಿರುತ್ತದೆ. ಇವೆಲ್ಲ ಹೊಸಬರಿಗೆ ಒಂದು ವಾರದಲ್ಲಿ ತಾನಾಗಿ ತಿಳಿಯುವಂಥವು. ತಾನಾಗಿ ತಿಳಿಯದ ಸಂಗತಿ ಎಂದರೆ, ಮೂರು ವಾರದ ಹಿಂದೆ ಒಬ್ಬ ಸಪ್ಲಯರ್‌ಗೆ ಮೇಲ್‌ನಲ್ಲಿ ಬರೆದ ಎರಡು ಸಾಲಿನ ಒಪ್ಪಿಗೆ. ಅದು ನೆನಪಿನಿಂದ ಟಿಪ್ಪಣಿಗೆ ಬರುವುದು ಅಪರೂಪ. ಆದ್ದರಿಂದ ಒಳ್ಳೆಯ ಟಿಪ್ಪಣಿಯನ್ನು ನೆನಪಿನಿಂದ ಬರೆಯದೆ, ಫೈಲು, ಇಮೇಲು, ಬಾಕಿ ಇರುವ ಅಪ್ರೂವಲ್‌ಗಳು ಎಂಬ ಮೂರು ಮೂಲಗಳಿಂದ ಕಟ್ಟಬೇಕಾಗುತ್ತದೆ. ಮೂರರಲ್ಲಿ ಯಾವುದೊಂದೂ ಪೂರ್ತಿ ಕಥೆ ಹೇಳುವುದಿಲ್ಲ. ಇದು ಹೇಗೆ ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡುವುದೇ ಸುಲಭ.

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆ ಇದೆ ಎಂದಿಟ್ಟುಕೊಳ್ಳಬಹುದು. ಅದರ ಖರೀದಿ ವಿಭಾಗದ ಮ್ಯಾನೇಜರ್ 2025ರ ಅಕ್ಟೋಬರ್ 29ರಂದು ರಾಜೀನಾಮೆ ಕೊಟ್ಟಿದ್ದಾರೆ. ಒಂದು ತಿಂಗಳ ನೋಟಿಸ್ ಮುಗಿದು, ನವೆಂಬರ್ 28 ಅವರ ಕೊನೆಯ ದಿನ. ಟಿಪ್ಪಣಿ ಬರೆಯುವುದನ್ನು ಕೊನೆಯ ವಾರಕ್ಕೆ ಬಿಟ್ಟರೆ ಕೆಡುತ್ತದೆ, ಏಕೆಂದರೆ ಆ ವಾರ ಲ್ಯಾಪ್‌ಟಾಪ್ ವಾಪಸು, ಲೆಕ್ಕ ಚುಕ್ತಾ, ಬೀಳ್ಕೊಡುಗೆಗಳಲ್ಲಿ ಕರಗಿಹೋಗುತ್ತದೆ. ಇಲ್ಲಿ ನವೆಂಬರ್ 20ನ್ನು ಗೆರೆ ಎಳೆಯುವ ದಿನವೆಂದು ಇಟ್ಟುಕೊಳ್ಳಲಾಗಿದೆ. ಆ ದಿನದ ಸ್ಥಿತಿಯನ್ನು ಟಿಪ್ಪಣಿ ಹೇಳುತ್ತದೆ, ಆ ತಾರೀಕು ಮೊದಲ ಸಾಲಿನಲ್ಲೇ ಇರುತ್ತದೆ. ನಂತರದ ಎಂಟು ದಿನಗಳಲ್ಲಿ ಬದಲಾದದ್ದನ್ನು ಕೊನೆಯಲ್ಲಿ ಬೇರೆ ಹಾಳೆಯಾಗಿ ಸೇರಿಸಿದರಾಯಿತು. ತಾರೀಕಿಲ್ಲದ ಟಿಪ್ಪಣಿಯಲ್ಲಿ "ಬಾಕಿ ಇದೆ" ಎಂದಿದ್ದರೆ, ಓದುವವರಿಗೆ ಅದು ಯಾವತ್ತಿನ ಬಾಕಿ ಎಂದು ಗೊತ್ತಾಗುವುದಿಲ್ಲ.

ಮೊದಲು ಫೈಲುಗಳು. ಇವು ಕಂಪನಿ ಔಪಚಾರಿಕವಾಗಿ ಏನು ಮಾಡಿದೆ ಎಂಬುದನ್ನು ತೋರಿಸುತ್ತವೆ: ಕೊಟೇಶನ್, ಪರ್ಚೇಸ್ ಆರ್ಡರ್ ಅಂದರೆ ಪಿಓ, ಕರಾರು, ಬ್ಯಾಂಕ್ ಗ್ಯಾರಂಟಿಯ ಪ್ರತಿ, ಮಾಲು ಬಂದ ರಸೀದಿ, ಇನ್‌ವಾಯ್ಸ್. ಇಲ್ಲಿ ಹೆಚ್ಚು ಕಾಡುವುದು ಒಂದೇ ಕಾಗದದ ಹಲವು ರೂಪಗಳು. `PO_rev2_final.xlsx` ಪಕ್ಕದಲ್ಲೇ `PO_rev3_final_new.xlsx` ಕೂತಿರುತ್ತದೆ. ಹೆಸರು ನೋಡಿ ಯಾವುದು ನಿಜವಾದದ್ದೆಂದು ಊಹಿಸುವುದು ತಪ್ಪು. ಸಪ್ಲಯರ್‌ಗೆ ಕಳಿಸಿದ ಮೇಲ್‌ಗೆ ಯಾವುದನ್ನು ಲಗತ್ತಿಸಿತ್ತೋ ಅದೇ ನಿಜವಾದ ಪಿಓ. ಅದನ್ನು ಮೇಲ್‌ನಿಂದಲೇ ಇಳಿಸಿಕೊಂಡು ವಿಭಾಗದ ಫೋಲ್ಡರಿನಲ್ಲಿಟ್ಟು, ಉಳಿದವನ್ನು "ಹಳೆಯವು" ಎಂಬ ಬೇರೆ ಫೋಲ್ಡರಿಗೆ ಸರಿಸಬೇಕು. ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆ ಮಾತ್ರ ಇರುವ ಫೈಲುಗಳನ್ನು ಹುಡುಕಿ ಎತ್ತಿಡುವುದೂ ಈ ಹಂತದ ಕೆಲಸವೇ. ಯಂತ್ರ ಐಟಿ ವಿಭಾಗಕ್ಕೆ ಹೋಗಿ ಅಳಿಸಿದ ಮೇಲೆ ಅವು ಸಿಗುವುದಿಲ್ಲ.

ಎರಡನೆಯದು ಇಮೇಲ್. ಇಲ್ಲಿ ಎಲ್ಲರೂ ಇನ್‌ಬಾಕ್ಸ್‌ನಿಂದ ಶುರು ಮಾಡುತ್ತಾರೆ, ಆದರೆ ಶುರು ಮಾಡಬೇಕಾದದ್ದು ಕಳಿಸಿದ ಮೇಲ್‌ಗಳಿಂದ. ಬೇರೆಯವರಿಗೆ ಏನು ಬೇಕು ಎಂಬುದು ಇನ್‌ಬಾಕ್ಸ್‌ನಲ್ಲಿದೆ. ಆ ಮ್ಯಾನೇಜರ್ ಮೂಲಕ ಕಂಪನಿ ಯಾವ ಮಾತಿಗೆ ಕಟ್ಟುಬಿದ್ದಿದೆ ಎಂಬುದು ಕಳಿಸಿದ ಮೇಲ್‌ಗಳಲ್ಲಿದೆ. ಮೂರು ನಾಲ್ಕು ತಿಂಗಳಷ್ಟು ಹಿಂದಕ್ಕೆ ಹೋದರೆ ಸಾಮಾನ್ಯವಾಗಿ ಸಾಕು, ದೊಡ್ಡ ಯಂತ್ರಗಳ ಖರೀದಿ ಇದ್ದರೆ ಒಂದು ವರ್ಷ. ಸಾವಿರಾರು ಮೇಲ್‌ಗಳನ್ನು ಒಂದೊಂದಾಗಿ ಓದುವುದು ಬೇಕಿಲ್ಲ. ಒಪ್ಪಿಗೆ ಸೂಚಿಸುವ ಪದಗಳನ್ನು ಹಿಡಿದು ಹುಡುಕಬಹುದು. ಜಿಮೇಲ್ ಆಧಾರಿತ ಖಾತೆಯಲ್ಲಿ ಹುಡುಕುವ ಜಾಗದಲ್ಲಿ ಹೀಗೆ ಬರೆದರೆ ಆಗುತ್ತದೆ:

```
in:sent after:2025/08/01 (confirm OR approved OR agreed OR "go ahead")
```

ಔಟ್‌ಲುಕ್‌ನಲ್ಲಾದರೆ ಕಳಿಸಿದ ಮೇಲ್‌ಗಳ ಫೋಲ್ಡರಿನೊಳಗೆ ನಿಂತು ಇವೇ ಪದಗಳನ್ನು ಹಾಕಿ ಹುಡುಕಬೇಕು. ಸಿಕ್ಕ ಪ್ರತಿ ಮೇಲ್‌ನಲ್ಲೂ ನೋಡಬೇಕಾದದ್ದು, ಇಲ್ಲಿ ಕೊಟ್ಟ ಮಾತು ಪಿಓದಲ್ಲೋ ಕರಾರಿನಲ್ಲೋ ಸೇರಿದೆಯೇ ಎಂದು. ಸೇರಿದ್ದರೆ ಮುಂದಕ್ಕೆ ಹೋಗಬಹುದು. ಸೇರಿರದಿದ್ದರೆ ಅದು ಟಿಪ್ಪಣಿಗೆ ಬರಲೇಬೇಕು. ಫೋನಿನಲ್ಲೋ ವಾಟ್ಸ್ಆ್ಯಪ್‌ನಲ್ಲೋ ಒಪ್ಪಿಕೊಂಡ ದರಗಳು ಎಲ್ಲೂ ಸಿಗುವುದಿಲ್ಲ. ಅವನ್ನು ಕೊನೆಯ ದಿನಕ್ಕೆ ಮೊದಲೇ "ಫೋನಿನಲ್ಲಿ ಮಾತಾಡಿದಂತೆ" ಎಂದು ಸಪ್ಲಯರ್‌ಗೆ ಒಂದು ಮೇಲ್ ಬರೆದು, ಮುಂದೆ ಬರುವವರಿಗೂ ಪ್ರತಿ ಕಳಿಸಿ, ಲಿಖಿತಕ್ಕೆ ತರಬೇಕು. ಸಪ್ಲಯರ್ ಒಪ್ಪದಿದ್ದರೆ ಆ ಭಿನ್ನಾಭಿಪ್ರಾಯ ಅವರಿರುವಾಗಲೇ ಹೊರಬರುತ್ತದೆ.

ಮೂರನೆಯದು ಅಪ್ರೂವಲ್‌ಗಳು. ಕಂಪ್ಯೂಟರಿನಲ್ಲಿ ಕಾಣುವ ಪಟ್ಟಿಯಲ್ಲಿ ಮ್ಯಾನೇಜರ್ ಸಹಿಗಾಗಿ ಕಾದಿರುವವು ಮಾತ್ರ ಎದ್ದು ಕಾಣುತ್ತವೆ. ಅವರು ಮೇಲಕ್ಕೆ ಕಳಿಸಿ, ಹಣಕಾಸು ಮುಖ್ಯಸ್ಥರ ಬಳಿಯೋ ನಿರ್ದೇಶಕರ ಬಳಿಯೋ ನಿಂತಿರುವವನ್ನು ಬೇರೆಯಾಗಿ ತೆಗೆದು ನೋಡಬೇಕು. ಹಿಂದೆ ಬಿದ್ದು ಕೇಳುತ್ತಿದ್ದ ವ್ಯಕ್ತಿಯೇ ಹೋದ ಮೇಲೆ ಆ ಅಪ್ರೂವಲ್ ತಿಂಗಳುಗಟ್ಟಲೆ ಅಲ್ಲೇ ಕೂತುಬಿಡಬಹುದು. ಇನ್ನೊಂದು ತೊಡಕು ತಾಂತ್ರಿಕವಾದದ್ದು. ನೌಕರರ ಖಾತೆ ಮುಚ್ಚಿದಾಗ ಅವರ ಸರದಿಗೆ ಬರುವ ಕೋರಿಕೆಗಳು ತಾವಾಗಿಯೇ ಮುಂದಿನವರಿಗೆ ಹೋಗದ ವ್ಯವಸ್ಥೆಗಳು ಹಲವು ಇವೆ. ಕೊನೆಯ ದಿನಕ್ಕೆ ಮೊದಲೇ ಅಪ್ರೂವಲ್ ಅಧಿಕಾರವನ್ನು ಹೊಸಬರ ಹೆಸರಿಗೆ ಬದಲಿಸಿ, ಒಂದು ಸಣ್ಣ ಕೋರಿಕೆ ಹಾಕಿ, ಅದು ಅವರಿಗೆ ತಲುಪಿತೇ ಎಂದು ನೋಡುವುದು ಹತ್ತು ನಿಮಿಷದ ಕೆಲಸ.

ಈ ಮೂರನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಏನು ಹೊರಬರುತ್ತದೆ ಎಂಬುದಕ್ಕೆ ಉದಾಹರಣೆಯ ಕಾರ್ಖಾನೆಯ ಒಂದು ಏರ್ ಕಂಪ್ರೆಸರ್ ಖರೀದಿಯನ್ನು ತೆಗೆದುಕೊಳ್ಳಬಹುದು. ಬೆಲೆ 18 ಲಕ್ಷ ರೂಪಾಯಿ. ಶೇ. 30ರಂತೆ 5,40,000 ರೂಪಾಯಿ ಅಡ್ವಾನ್ಸ್ ಹೋಗಿದೆ. ಅದಕ್ಕೆ ಭದ್ರತೆಯಾಗಿ ಸಪ್ಲಯರ್ ಅಷ್ಟೇ ಮೊತ್ತದ ಬ್ಯಾಂಕ್ ಗ್ಯಾರಂಟಿ ಕೊಟ್ಟಿದ್ದಾರೆ, ಅದರ ಅವಧಿ ಡಿಸೆಂಬರ್ 20ಕ್ಕೆ ಮುಗಿಯುತ್ತದೆ. ಪಿಓ ಪ್ರಕಾರ ಯಂತ್ರ ಅಕ್ಟೋಬರ್ 31ಕ್ಕೆ ಬರಬೇಕಿತ್ತು. ತಡವಾದ ಪ್ರತಿ ವಾರಕ್ಕೆ ಬೆಲೆಯ ಅರ್ಧ ಶೇಕಡಾ ಕಡಿತ ಎಂಬ ಷರತ್ತೂ ಇದೆ.

ಫೈಲನ್ನಷ್ಟೇ ನೋಡಿದವರಿಗೆ ಕಾಣುವುದು: ಯಂತ್ರ ಬಂದಿಲ್ಲ, ಸಪ್ಲಯರ್ ತಪ್ಪಿದ್ದಾರೆ. ಮೇಲ್ ಬೇರೆಯದನ್ನು ಹೇಳುತ್ತದೆ. ನವೆಂಬರ್ 3ರಂದು ಸಪ್ಲಯರ್ ನಾಲ್ಕು ವಾರ ಹೆಚ್ಚು ಕಾಲ ಕೇಳಿದ್ದಾರೆ. ಮ್ಯಾನೇಜರ್ ಅದೇ ದಿನ, ನವೆಂಬರ್ 28ರವರೆಗೆ ಆಗಬಹುದು, ಆದರೆ ಬ್ಯಾಂಕ್ ಗ್ಯಾರಂಟಿಯನ್ನು ಜನವರಿ 31ರವರೆಗೆ ವಿಸ್ತರಿಸಿ ಕೊಡಿ ಎಂದು ಉತ್ತರಿಸಿದ್ದಾರೆ. ಅಪ್ರೂವಲ್ ಪಟ್ಟಿಯಲ್ಲಿ ಇನ್ನೊಂದು ಸಂಗತಿ ಇದೆ. ಹೊಸ ತಾರೀಕು ಹಾಕಿದ ಪಿಓ ತಿದ್ದುಪಡಿ ನವೆಂಬರ್ 7ರಿಂದ ಹಣಕಾಸು ಮುಖ್ಯಸ್ಥರ ಬಳಿ ಇದೆ. ಮತ್ತೆ ಮೇಲ್‌ಗೆ ಹೋದರೆ, ತಿದ್ದುಪಡಿ ಆದ ಪಿಓ ಇಲ್ಲದೆ ತಮ್ಮ ಬ್ಯಾಂಕ್ ಗ್ಯಾರಂಟಿ ವಿಸ್ತರಿಸುವುದಿಲ್ಲ ಎಂದು ಸಪ್ಲಯರ್ ನವೆಂಬರ್ 12ರಂದು ಬರೆದದ್ದು ಸಿಗುತ್ತದೆ.

ಈಗ ಗಂಟು ಎಲ್ಲಿದೆ ಎಂದು ಗೊತ್ತಾಯಿತು. ಸಪ್ಲಯರ್‌ಗೆ ಜೋರು ಮಾಡಿ ಪ್ರಯೋಜನವಿಲ್ಲ, ಕೆಲಸ ನಿಂತಿರುವುದು ಕಂಪನಿಯೊಳಗಿನ ಒಂದು ಸಹಿಯಲ್ಲಿ. ಆ ಸಹಿ ಆಗದೆ ಡಿಸೆಂಬರ್ 20 ದಾಟಿದರೆ, ಯಂತ್ರವೂ ಇಲ್ಲದೆ ಭದ್ರತೆಯೂ ಇಲ್ಲದೆ 5,40,000 ರೂಪಾಯಿ ಹೊರಗೆ ಉಳಿಯುತ್ತದೆ. ಬ್ಯಾಂಕ್ ಗ್ಯಾರಂಟಿಯ ಹಣ ಕೇಳುವ ಪತ್ರ ಅದರಲ್ಲಿ ಬರೆದ ಅವಧಿಯೊಳಗೆ ಬ್ಯಾಂಕಿಗೆ ತಲುಪಬೇಕು. ತಡವಾಗಿ ಹೋದ ಪತ್ರಕ್ಕೆ ಬ್ಯಾಂಕ್ ಹಣ ಕೊಡುವುದಿಲ್ಲ.

ಇದೇ ವ್ಯವಹಾರದಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದ ಇನ್ನೊಂದು ಅಂಶವಿದೆ. ನಾಲ್ಕು ವಾರದ ತಡಕ್ಕೆ ಷರತ್ತಿನ ಪ್ರಕಾರ ಕಡಿತ 36,000 ರೂಪಾಯಿ. ಮ್ಯಾನೇಜರ್ ಕಾಲಾವಕಾಶ ಕೊಟ್ಟ ಮೇಲ್‌ನಲ್ಲಿ ಈ ಕಡಿತದ ಮಾತೇ ಇಲ್ಲ. ಸಮಯ ಮುಖ್ಯವೆಂದಿರುವ ಕರಾರಿನಲ್ಲಿ ತಡವಾಗಿ ಬಂದದ್ದನ್ನು ಒಪ್ಪಿ ತೆಗೆದುಕೊಳ್ಳುವವರು, ಒಪ್ಪುವ ಹೊತ್ತಿನಲ್ಲೇ ಪರಿಹಾರ ಕೇಳುತ್ತೇವೆಂದು ತಿಳಿಸಿರದಿದ್ದರೆ ಆಮೇಲೆ ಕೇಳಲಾಗದು ಎಂದು 1872ರ ಭಾರತೀಯ ಕರಾರು ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಹೊಸ ಮ್ಯಾನೇಜರ್‌ಗೆ ಇದು ಗೊತ್ತಿರಬೇಕಾದದ್ದು ಯಂತ್ರ ಗೇಟಿಗೆ ಬಂದ ಮೇಲಲ್ಲ, ಬರುವ ಮೊದಲು. ಕಡಿತವನ್ನು ಬಿಡುವುದೋ ಉಳಿಸಿಕೊಳ್ಳುವುದೋ ಎಂಬುದನ್ನು ಹಿರಿಯರು ತೀರ್ಮಾನಿಸಲಿ. ಆ ತೀರ್ಮಾನ ಇನ್ನೂ ಆಗಿಲ್ಲ ಎಂಬುದು ಟಿಪ್ಪಣಿಯಲ್ಲಿ ಇರಬೇಕು.

ಟಿಪ್ಪಣಿಯಲ್ಲಿ ಈ ಕಂಪ್ರೆಸರ್‌ನ ನಮೂದು ಹೀಗೆ ಬರುತ್ತದೆ:

"ಏರ್ ಕಂಪ್ರೆಸರ್, 18 ಲಕ್ಷ. ಅಡ್ವಾನ್ಸ್ 5,40,000 ಹೋಗಿದೆ. ಯಂತ್ರ ಬರುವ ಹೊಸ ತಾರೀಕು ನವೆಂಬರ್ 28 (ನ. 3ರ ಮೇಲ್, ಕಂಪ್ರೆಸರ್ ಫೋಲ್ಡರಿನಲ್ಲಿದೆ). ಪಿಓ ತಿದ್ದುಪಡಿ ನ. 7ರಿಂದ ಹಣಕಾಸು ಮುಖ್ಯಸ್ಥರ ಬಳಿ. ಅದು ಆಗದೆ ಬ್ಯಾಂಕ್ ಗ್ಯಾರಂಟಿ ವಿಸ್ತರಣೆ ಇಲ್ಲ (ನ. 12ರ ಮೇಲ್). ಗ್ಯಾರಂಟಿ ಡಿ. 20ಕ್ಕೆ ಮುಗಿಯುತ್ತದೆ, ಮೂಲ ಪ್ರತಿ ಹಣಕಾಸು ವಿಭಾಗದ ಬೀರುವಿನಲ್ಲಿ. ಡಿ. 5ರೊಳಗೆ ವಿಸ್ತರಣೆ ಬಾರದಿದ್ದರೆ, ವಿಸ್ತರಿಸಿ ಇಲ್ಲವೇ ಹಣ ಕೊಡಿ ಎಂದು ಬ್ಯಾಂಕಿಗೆ ಪತ್ರ ಹೋಗಬೇಕು. ತಡದ ಕಡಿತ 36,000 ಬಗ್ಗೆ ತೀರ್ಮಾನ ಆಗಿಲ್ಲ. ಯಂತ್ರ ಇಳಿಸಿಕೊಳ್ಳುವ ಮೊದಲು ಆಗಬೇಕು."

ಇಷ್ಟು ಬರೆಯಲು ಅರ್ಧ ಗಂಟೆ ಹಿಡಿಯಬಹುದು. ಇದನ್ನು ಓದಿದ ವ್ಯಕ್ತಿ ಯಾರನ್ನೂ ಕೇಳದೆ ಮರುದಿನ ಬೆಳಗ್ಗೆ ಮುಂದಿನ ಹೆಜ್ಜೆ ಇಡಬಲ್ಲರು. "ಕಂಪ್ರೆಸರ್: ಫಾಲೋ ಅಪ್ ಮಾಡಬೇಕು" ಎಂದಷ್ಟೇ ಬರೆದಿದ್ದರೆ ಅವರು ಮೊದಲು ಸಪ್ಲಯರ್‌ಗೆ ಫೋನು ಮಾಡಿ, ಯಂತ್ರ ಯಾಕೆ ಬಂದಿಲ್ಲ ಎಂದು ಕೇಳುತ್ತಿದ್ದರು.

ಕಳಿಸಿದ ಒಂದು ಮೇಲ್‌ನ ತಾರೀಕಿನ ಮೇಲೇ ಹಣದ ಲೆಕ್ಕ ನಿಲ್ಲುವ ಸಂದರ್ಭವೂ ಉಂಟು. ಈ ಕಾರ್ಖಾನೆಗೆ ಕಟಿಂಗ್ ಟೂಲ್ ತಯಾರಿಸಿ ಕೊಡುವ ಒಂದು ಸಣ್ಣ ಉದ್ಯಮದ ಇನ್‌ವಾಯ್ಸ್ ಬಾಕಿ ಇದೆ. ಜಿಎಸ್‌ಟಿ ಸೇರಿ 2,36,000 ರೂಪಾಯಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಲಿಖಿತ ಒಪ್ಪಂದ ಇದ್ದರೂ, ಮಾಲು ಸ್ವೀಕಾರವಾದ ದಿನದಿಂದ 45 ದಿನದೊಳಗೆ ಹಣ ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಮಾಲು ಬಂದದ್ದು ಅಕ್ಟೋಬರ್ 9. ರಸೀದಿ ನೋಡಿ ಲೆಕ್ಕ ಹಾಕುವ ಅಕೌಂಟ್ಸ್ ವಿಭಾಗಕ್ಕೆ ಗಡುವು ನವೆಂಬರ್ 23.

ಆದರೆ ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳುತ್ತದೆ. ಮಾಲು ಬಂದ 15 ದಿನದೊಳಗೆ ಕೊಳ್ಳುವವರು ಲಿಖಿತವಾಗಿ ಆಕ್ಷೇಪ ಹೇಳಿದ್ದರೆ, ಆ ದೋಷವನ್ನು ಸಪ್ಲಯರ್ ಸರಿಪಡಿಸಿದ ದಿನವೇ ಸ್ವೀಕಾರದ ದಿನ. ಅಕ್ಟೋಬರ್ 20ರಂದು, ಅಂದರೆ ಹನ್ನೊಂದನೇ ದಿನ, ನಲವತ್ತು ಇನ್ಸರ್ಟ್‌ಗಳ ಅಳತೆ ಸರಿಯಿಲ್ಲ ಎಂದು ಮ್ಯಾನೇಜರ್ ಮೇಲ್ ಕಳಿಸಿದ್ದಾರೆ. ಸಪ್ಲಯರ್ ಅಕ್ಟೋಬರ್ 31ರಂದು ಬದಲಿಸಿ ಕೊಟ್ಟಿದ್ದಾರೆ. ಅಲ್ಲಿಂದ ಎಣಿಸಿದರೆ ಗಡುವು ಡಿಸೆಂಬರ್ 15. ಈ ಮೂರು ವಾರದ ವ್ಯತ್ಯಾಸ ಕೂತಿರುವುದು ಒಬ್ಬರ ಕಳಿಸಿದ ಮೇಲ್‌ಗಳ ಪೆಟ್ಟಿಗೆಯಲ್ಲಿ. ಅವರ ಖಾತೆ ಮುಚ್ಚಿದ ಮೇಲೆ ಬಡ್ಡಿಯ ತಕರಾರು ಬಂದರೆ, ಕಂಪನಿಯ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಟಿಪ್ಪಣಿಯಲ್ಲಿ ಎರಡೂ ತಾರೀಕು ಬರೆದು, ಆ ಮೇಲ್ ಮತ್ತು ಬದಲಿ ಮಾಲಿನ ರಸೀದಿಯನ್ನು ಇನ್‌ವಾಯ್ಸ್ ಜೊತೆಗೇ ಇಡಬೇಕು. ಹಾಗೆಂದು ಸಣ್ಣ ಉದ್ಯಮದವರ ಹಣವನ್ನು ಡಿಸೆಂಬರ್ 15ರವರೆಗೆ ಎಳೆಯಬೇಕೆಂದೇನೂ ಇಲ್ಲ. ಮಾಲು ಸರಿಯಾಗಿ ಬಂದ ಮೇಲೆ ಬೇಗ ಕೊಡುವುದೇ ಸರಿ.

ತನ್ನ ಸಹಿಗೆ ಕಾದಿರುವ ಅಪ್ರೂವಲ್‌ಗಳನ್ನು ಹೋಗುವ ಮ್ಯಾನೇಜರ್ ಏನು ಮಾಡಬೇಕು ಎಂಬುದು ನಿಜಕ್ಕೂ ಸೂಕ್ಷ್ಮವಾದ ವಿಷಯ. ಮೇಜು ಖಾಲಿ ಮಾಡಿ ಹೋಗಬೇಕೆಂಬ ಆಸೆಯಿಂದ ಕೊನೆಯ ಎರಡು ದಿನದಲ್ಲಿ ಎಲ್ಲಕ್ಕೂ ಒಪ್ಪಿಗೆ ಒತ್ತುವವರಿದ್ದಾರೆ. ಇದರಿಂದ ಪಟ್ಟಿ ಖಾಲಿಯಾಗುತ್ತದೆ, ಹೊಣೆ ಮಾತ್ರ ಬೇರೆಯವರ ತಲೆಗೆ ಹೋಗುತ್ತದೆ. ಸಂಗತಿಯ ಪೂರ್ತಿ ಅರಿವು ತನಗೊಬ್ಬರಿಗೇ ಇರುವವನ್ನು, ಉದಾಹರಣೆಗೆ ತಾನೇ ಚೌಕಾಸಿ ಮಾಡಿ ಇಳಿಸಿದ ದರದ ಪಿಓವನ್ನು, ಅವರೇ ಮುಗಿಸಿ ಹೋಗಬೇಕು. ಹೊಸಬರಿಗೆ ಆ ದರ ಸರಿಯೇ ಎಂದು ನಿರ್ಧರಿಸಲು ಆಧಾರವಿರುವುದಿಲ್ಲ. ಬರುವವರನ್ನು ವರ್ಷಗಟ್ಟಲೆ ಕಟ್ಟಿಹಾಕುವಂಥವನ್ನು, ಅಂದರೆ ಯಂತ್ರಗಳ ವಾರ್ಷಿಕ ನಿರ್ವಹಣಾ ಕರಾರಿನ ನವೀಕರಣ, ಹೊಸ ಸಪ್ಲಯರ್ ಸೇರ್ಪಡೆ ಇಂಥವನ್ನು, ಅಭಿಪ್ರಾಯ ಬರೆದು ಹಾಗೇ ಬಿಡುವುದು ಒಳ್ಳೆಯದು. ಬಿಟ್ಟದ್ದಕ್ಕೆ ಯಾವತ್ತಿನೊಳಗೆ ತೀರ್ಮಾನ ಆಗಬೇಕೆಂಬ ತಾರೀಕು ಹಾಕದಿದ್ದರೆ ಅದು ತಳ್ಳಿಹಾಕಿದಂತೆಯೇ ಆಗುತ್ತದೆ.

ಸಪ್ಲಯರ್‌ಗಳ ಬಗೆಗಿನ ಅನಿಸಿಕೆಗಳನ್ನು ಬರೆಯುವಾಗಲೂ ಕೈ ಬಿಗಿಹಿಡಿಯಬೇಕು. "ನಂಬಲಾಗದವರು" ಎಂಬ ಪದ ಮುಂದಿನವರ ಮನಸ್ಸನ್ನು ಮೊದಲೇ ಕೆಡಿಸುತ್ತದೆ. "ಕಳೆದ ಆರು ಸಲದಲ್ಲಿ ನಾಲ್ಕು ಸಲ ತಡ, ಎರಡು ಸಲ ನಮ್ಮ ಡ್ರಾಯಿಂಗ್ ತಡವಾದ ಕಾರಣ" ಎಂದು ಬರೆದರೆ ಅವರೇ ನಿರ್ಧರಿಸುತ್ತಾರೆ. ತಂಡದವರ ವೈಯಕ್ತಿಕ ವಿಷಯ, ಸಂಬಳದ ಚರ್ಚೆ ಹಲವರ ಕೈಗೆ ಹೋಗುವ ಈ ಕಾಗದದಲ್ಲಿ ಬರಬಾರದು. ಪಾಸ್‌ವರ್ಡ್‌ಗಳೂ ಬರಬಾರದು. ಆದರೆ ಯಾವ ಪೋರ್ಟಲ್‌ಗೆ ಯಾರ ಮೊಬೈಲ್ ನಂಬರ್ ನೋಂದಣಿಯಾಗಿದೆ ಎಂಬುದು ಬರಲೇಬೇಕು. ಬೆಸ್ಕಾಂ ಬಿಲ್ಲಿನ ಖಾತೆಗೋ ಟೆಂಡರ್ ಪೋರ್ಟಲ್‌ಗೋ ಮ್ಯಾನೇಜರ್ ತನ್ನ ಸ್ವಂತ ನಂಬರ್ ಕೊಟ್ಟಿರುವುದು ತೀರಾ ಸಾಮಾನ್ಯ. ಅವರು ಹೋದ ಮೇಲೆ ಒಟಿಪಿ ಅವರ ಜೇಬಿಗೇ ಹೋಗುತ್ತಿರುತ್ತದೆ, ನಂಬರ್ ಬದಲಿಸಲೂ ಅದೇ ಒಟಿಪಿ ಬೇಕಾಗುತ್ತದೆ. ಡಿಜಿಟಲ್ ಸಹಿಯ ಟೋಕನ್ ಅವರ ಹೆಸರಿನಲ್ಲಿದ್ದರೆ ಅದನ್ನು ಬೇರೆಯವರು ಬಳಸುವಂತಿಲ್ಲ. ಹೊಸಬರ ಹೆಸರಿನಲ್ಲಿ ಹೊಸದನ್ನು ಮಾಡಿಸಲು ಗುರುತು ಪರಿಶೀಲನೆ ಆಗಬೇಕು. ಇದನ್ನು ನೋಟಿಸ್ ಅವಧಿಯಲ್ಲೇ ಶುರು ಮಾಡುವುದು ಕ್ಷೇಮ.

ಕೆಲವೊಮ್ಮೆ ಮ್ಯಾನೇಜರ್ ಆಗಲೇ ಹೋಗಿರುತ್ತಾರೆ, ಅಥವಾ ಕಾಯಿಲೆಯಿಂದ ಬರಲಾಗದ ಸ್ಥಿತಿಯಲ್ಲಿರುತ್ತಾರೆ. ಆಗ ಅವರ ಕೈಕೆಳಗಿನವರು ಕಂಪನಿಯ ಅನುಮತಿಯಿಂದ ಮೇಲ್ ತೆರೆದು ಇದೇ ಕ್ರಮದಲ್ಲಿ ಟಿಪ್ಪಣಿ ಕಟ್ಟುತ್ತಾರೆ. ಅಂಥ ಟಿಪ್ಪಣಿಯಲ್ಲಿ ಪ್ರತಿ ಸಂಗತಿಯ ಎದುರು ಅದು "ದಾಖಲೆಯಿಂದ" ಬಂದದ್ದೋ "ಕೇಳಿ ತಿಳಿದದ್ದೋ" ಎಂದು ಗುರುತು ಹಾಕುವುದು ಅಗತ್ಯ. ಊಹೆಯಿಂದ ತುಂಬಿದ ಖಾಲಿ ಜಾಗ ನಿಜವಾದ ಖಾಲಿ ಜಾಗಕ್ಕಿಂತ ಅಪಾಯಕಾರಿ, ಏಕೆಂದರೆ ಓದುವವರು ಅದನ್ನು ಪರಿಶೀಲಿಸಲು ಹೋಗುವುದಿಲ್ಲ. ಸ್ವತಃ ಮ್ಯಾನೇಜರ್ ಬರೆಯುವಾಗಲೂ ಈ ಗುರುತು ಉಪಯುಕ್ತವೇ.

ಬರೆದದ್ದನ್ನು ಜೋಡಿಸುವ ಕ್ರಮವೂ ಮುಖ್ಯ. ವಿಭಾಗವಾರು ಜೋಡಿಸಿದರೆ ಡಿಸೆಂಬರ್ 5ರ ಗಡುವು ಮೂರನೇ ಪುಟದಲ್ಲಿ ಅಡಗಿಬಿಡಬಹುದು. ಮುಂದಿನ 30 ದಿನದ ತಾರೀಕುಗಳು ಮೊದಲ ಪುಟದಲ್ಲಿ, ಹತ್ತಿರದ್ದು ಮೊದಲು ಎಂಬಂತೆ ಬಂದರೆ ಓದುವವರಿಗೆ ಕೆಲಸ ಕೂಡಲೇ ಕೈಗೆ ಸಿಗುತ್ತದೆ. ಗಡುವಿಲ್ಲದ ವಿಷಯಗಳು ಕೊನೆಗೆ.

ಟಿಪ್ಪಣಿ ಸಾಕಾಗಿದೆಯೇ ಎಂದು ತಿಳಿಯುವ ಬಗೆ ಸರಳವಾಗಿದೆ. ಕೊನೆಯ ವಾರದಲ್ಲಿ ಇಬ್ಬರೂ ಒಟ್ಟಿಗೆ ಕೂರಬೇಕು. ಹೊಸಬರು ತಮಗೆ ಬೇಕಾದ ಮೂರು ನಮೂದು ಆರಿಸಿ, ಅದರಲ್ಲಿ ಹೇಳಿದ ಫೈಲು, ಮೇಲು, ಅಪ್ರೂವಲ್‌ಗಳನ್ನು ತಾವೇ ತಮ್ಮ ಲಾಗಿನ್‌ನಿಂದ ತೆರೆಯಬೇಕು. ತೆರೆಯದಿದ್ದರೆ ಅನುಮತಿ ಬಾಕಿ ಇದೆ ಎಂದರ್ಥ. ಆಮೇಲೆ ಪ್ರತಿಯೊಂದಕ್ಕೂ ಮುಂದಿನ ಮೇಲ್ ಅನ್ನು ಅವರೇ ಬರೆಯಬೇಕು, ಹೋಗುವವರು ಬಾಯಿ ಬಿಡದೆ ಪಕ್ಕದಲ್ಲಿರಬೇಕು. ಬರೆಯುತ್ತ ಬರೆಯುತ್ತ ಹೊಸಬರು ತಲೆಯೆತ್ತಿ ಏನಾದರೂ ಕೇಳಿದರೆ, ಆ ಪ್ರಶ್ನೆಯ ಉತ್ತರವೇ ಟಿಪ್ಪಣಿಯಲ್ಲಿ ಬಿಟ್ಟುಹೋದ ಸಾಲು. ಅದನ್ನು ಅಲ್ಲೇ ಸೇರಿಸಿ, ಪುಟದ ಕೆಳಗೆ ಅಂದಿನ ತಾರೀಕು ಹಾಕಿ, ಇಬ್ಬರೂ ಸಹಿ ಮಾಡುತ್ತಾರೆ. ಒಂದು ಪ್ರತಿ ಮೇಲಧಿಕಾರಿಗೆ ಹೋಗುತ್ತದೆ, ಇನ್ನೊಂದು ವಿಭಾಗದ ಫೋಲ್ಡರಿನಲ್ಲಿ ಉಳಿಯುತ್ತದೆ.